ಮಡಿಸಿದ ಕಾಗದದಲ್ಲಿ ತ್ರಿಭುಜದ ಮೂರು ಕೋನ

ಸಮತಲದ ಮೇಲೆ ಬರೆದ ಯಾವ ತ್ರಿಭುಜವನ್ನಾದರೂ ತೆಗೆದುಕೊಳ್ಳಿ. ಅದರ ಮೂರು ಒಳಕೋನಗಳನ್ನು ಒಂದರ ಪಕ್ಕದಲ್ಲಿ ಒಂದಿಟ್ಟರೆ ಅವು ಒಂದು ನೇರ ಗೆರೆಯ ಮೇಲೆ, ಅದರ ಒಂದು ಮಗ್ಗುಲನ್ನು ಪೂರ್ತಿ ತುಂಬಿ ಕೂರುತ್ತವೆ. ಹೀಗೆ ನೇರ ಗೆರೆಯೇ ಮಾಡುವ ಕೋನಕ್ಕೆ ಸರಳಕೋನ ಎಂದು ಹೆಸರು. ಎರಡು ಲಂಬಕೋನ ಸೇರಿದರೂ ಅದೇ. ಅದನ್ನು 180 ಡಿಗ್ರಿ ಎಂದು ಎಣಿಸುವುದು ನಾವು ಇಟ್ಟುಕೊಂಡ ಲೆಕ್ಕ. ಪೂರ್ತಿ ಸುತ್ತನ್ನು 360ರ ಬದಲು 400 ಭಾಗ ಮಾಡಿದ್ದರೆ ಇಲ್ಲಿ 200 ಎಂದಿರುತ್ತಿತ್ತು. ಆಗಲೂ ಗೆರೆ ನೇರವಾಗಿಯೇ ಇರುತ್ತಿತ್ತು. ಆದ್ದರಿಂದ ಈ ಲೇಖನದ ಮೊದಲ ಭಾಗಕ್ಕೆ ಡಿಗ್ರಿಯೂ ಬೇಡ, ಕೋನಮಾಪಕವೂ ಬೇಡ. ಒಂದು ಹಾಳೆ, ಸ್ಕೇಲು, ಕತ್ತರಿ, ಪೆನ್ಸಿಲ್, ಮೂರು ಬಣ್ಣ ಸಾಕು.

ಅಳೆದರೆ ಏಕೆ ತೀರುವುದಿಲ್ಲ

ಕೆಂಗೇರಿಯಿಂದ ಬಸವೇಶ್ವರನಗರದ ನಮ್ಮ ಮನೆಗೆ ಭಾನುವಾರ ಬರುವ ಅಣ್ಣನ ಮಗಳು ಏಳನೇ ತರಗತಿ. ಜಾಮಿಟ್ರಿ ಬಾಕ್ಸಿನ ಕೋನಮಾಪಕ ಹಿಡಿದು ಮೂರು ತ್ರಿಭುಜ ಅಳೆದಿದ್ದಳು. ಮೊತ್ತ 178, 181, 180 ಎಂದು ಬಂದಿತ್ತು. "ಅತ್ತೆ, ಸರಿಯಾಗಿ ಬಂದಿದ್ದು ಒಂದೇ. ಉಳಿದೆರಡು ನನ್ನ ತಪ್ಪಾ, ಪುಸ್ತಕದ ತಪ್ಪಾ?" ಎಂದು ಕೇಳಿದಳು.

ಆ ಪ್ರಶ್ನೆ ನನಗೆ ತುಂಬ ಹಿಡಿಸಿತು. ಕೋನಮಾಪಕದಲ್ಲಿ ಅರ್ಧ, ಒಂದು ಡಿಗ್ರಿ ಅತ್ತಿತ್ತ ಆಗುವುದು ಯಾರ ಕೈಯಲ್ಲೂ ತಪ್ಪದು. ಪೆನ್ಸಿಲ್ ಗೆರೆಗೇ ಒಂದು ದಪ್ಪವಿದೆ. ಮೂರು ಸಲ ಅಳೆದು ಕೂಡಿದಾಗ ಆ ಸಣ್ಣ ತಪ್ಪುಗಳೂ ಕೂಡಿಕೊಳ್ಳುತ್ತವೆ. ಹಾಗಾಗಿ 178 ಬಂದದ್ದು ಅಚ್ಚರಿಯಲ್ಲ. ತೊಂದರೆ ಇರುವುದು ಬೇರೆ ಕಡೆ. ಅಳತೆಯಲ್ಲಿ ಸರಿಯಾಗಿ 180 ಬಂದಿದ್ದರೂ 'ಏಕೆ' ಎಂಬುದಕ್ಕೆ ಅದರಲ್ಲಿ ಉತ್ತರವಿಲ್ಲ. ಈ ತ್ರಿಭುಜಕ್ಕೆ ಬಂತು, ಪಕ್ಕದ್ದಕ್ಕೂ ಬರಲೇಬೇಕೆಂದು ಯಾರು ಹೇಳಿದರು?

ಶಾಲೆಯಲ್ಲಿ ಮೂರು ಮೂಲೆಗಳನ್ನು ಹರಿದು ಒಂದೆಡೆ ಜೋಡಿಸಿ ತೋರಿಸುವುದುಂಟು. ಅದು ಕಣ್ಣಿಗೆ ಚೆನ್ನ. ಆದರೆ ಹರಿದ ತುಂಡು ತಾನು ಎಲ್ಲಿಂದ ಬಂದೆ ಎಂಬ ಗುರುತನ್ನು ಕಳೆದುಕೊಂಡಿರುತ್ತದೆ. ಮಡಿಸಿದ ಕಾಗದ ಹಾಗಲ್ಲ. ಬಿಚ್ಚಿದರೆ ಮೊದಲಿನ ತ್ರಿಭುಜ ಇದ್ದಲ್ಲೇ ಇರುತ್ತದೆ, ಜೊತೆಗೆ ಮಡಿಕೆಯ ಗೆರೆಗಳೂ ಉಳಿದಿರುತ್ತವೆ. ಕಾರಣ ಇರುವುದು ಆ ಗೆರೆಗಳಲ್ಲೇ.

ಯಾವ ತ್ರಿಭುಜ

ಮೊದಲ ಸಲಕ್ಕೆ ಬಾಹುಗಳು 13, 14, 15 ಸೆಂಟಿಮೀಟರ್ ಇರುವ ತ್ರಿಭುಜ ತೆಗೆದುಕೊಳ್ಳಲು ಹೇಳುತ್ತೇನೆ. ಭಾಸ್ಕರಾಚಾರ್ಯರು 1150ರಲ್ಲಿ ಮುಗಿಸಿದ 'ಸಿದ್ಧಾಂತ ಶಿರೋಮಣಿ'ಯ ಭಾಗವಾದ 'ಲೀಲಾವತಿ'ಯಲ್ಲಿ ಇದೇ ತ್ರಿಭುಜದ ಲೆಕ್ಕವಿದೆ: ಭೂಮಿ 14, ಎರಡು ಭುಜಗಳು 13 ಮತ್ತು 15, ಲಂಬ ಎಷ್ಟು ಎಂದು. ಲಂಬ 12 ಬರುತ್ತದೆ. ಆ ಲಂಬ ಭೂಮಿಯನ್ನು 5 ಮತ್ತು 9 ಎಂದು ಸೀಳುತ್ತದೆ, ಆ ತುಂಡುಗಳಿಗೆ ಅಲ್ಲಿ ಆಬಾಧೆ ಎಂದು ಹೆಸರು. ಎಲ್ಲವೂ ಪೂರ್ಣ ಸಂಖ್ಯೆಗಳೇ. ಆದ್ದರಿಂದ ಸ್ಕೇಲಿನಿಂದ ಬರೆಯುವುದು ಸುಲಭ. ಎ4 ಹಾಳೆಯಲ್ಲಿ 14 ಸೆಂ.ಮೀ. ಗೆರೆ ಎಳೆಯಿರಿ. ಎಡತುದಿಯಿಂದ 5 ಸೆಂ.ಮೀ. ದೂರದಲ್ಲಿ ಮೇಲಕ್ಕೆ ನೇರವಾಗಿ 12 ಸೆಂ.ಮೀ. ಹೋಗಿ ಚುಕ್ಕಿ ಇಡಿ. ಚುಕ್ಕಿಯನ್ನು ಎರಡು ತುದಿಗಳಿಗೆ ಸೇರಿಸಿ ಕತ್ತರಿಸಿ.

ಮೇಲಿನ ಮೂಲೆಯನ್ನು ಅ ಎನ್ನೋಣ. ಕೆಳಗೆ ಎಡದ್ದು ಬ, ಬಲದ್ದು ಕ. ಮೂರು ಮೂಲೆಗಳಿಗೂ ಮೂರು ಬಣ್ಣ ಬಳಿಯಿರಿ, ಹಾಳೆಯ ಎರಡೂ ಮೈಗೆ. ಮಡಿಸಿದಾಗ ಹಿಂದಿನ ಮೈ ಮೇಲೆ ಬರುತ್ತದೆ. ಒಂದೇ ಮೈಗೆ ಬಣ್ಣ ಹಾಕಿದ್ದರೆ ಎಲ್ಲ ಬಿಳಿಯಾಗಿ ಕಂಡು ಯಾವ ಮೂಲೆ ಯಾವುದೆಂದು ತಿಳಿಯದು.

ಕಾಗದ ದಪ್ಪ ಇರಬಾರದು. ಮದುವೆಯ ಆಮಂತ್ರಣ ಪತ್ರದ ರಟ್ಟು ಮಡಿಕೆಯಲ್ಲಿ ಬಿರಿಯುತ್ತದೆ, ತುದಿ ಒಂದೆರಡು ಮಿಲಿಮೀಟರ್ ಜಾರುತ್ತದೆ. ಗಾಳಿಪಟದ ಕಾಗದ ತೀರ ತೆಳು, ಮಡಿಕೆ ನಿಲ್ಲುವುದಿಲ್ಲ. ಜೆರಾಕ್ಸ್ ಅಂಗಡಿಯ ಸಾಮಾನ್ಯ ಹಾಳೆಯೇ ಸರಿ.

ನಾಲ್ಕು ಮಡಿಕೆ

ಮೊದಲನೆಯದು ಲಂಬದ ಮಡಿಕೆ. ಕೆಳಗಿನ ಅಂಚು ಅದರ ಮೇಲೆಯೇ ಸರಿಯಾಗಿ ಕೂರುವಂತೆ, ಮಡಿಕೆ ಅ ಮೂಲೆಯ ಮೂಲಕವೇ ಹಾಯುವಂತೆ ಮಡಿಸಿ. ಬೆರಳಿನಿಂದ ಒತ್ತಿ ಬಿಚ್ಚಿ. ಮಡಿಕೆ ಕೆಳಗಿನ ಅಂಚನ್ನು ಮುಟ್ಟಿದ ಜಾಗಕ್ಕೆ ಮ ಎಂದು ಗುರುತು ಹಾಕಿ. ನಮ್ಮ ತ್ರಿಭುಜದಲ್ಲಿ ಅದು ಬ ಮೂಲೆಯಿಂದ 5 ಸೆಂ.ಮೀ. ದೂರದಲ್ಲಿರಬೇಕು. ಈ ಮಡಿಕೆ ಅಂಚಿಗೆ ಲಂಬವೆಂದು ನಂಬುವುದು ಹೇಗೆ? ಮಡಿಸಿದಾಗ ಮ ಬಳಿಯ ಎರಡು ಕೋನಗಳು ಒಂದರ ಮೇಲೊಂದು ಸರಿಯಾಗಿ ಮುಚ್ಚಿಕೊಂಡವು, ಅಂದರೆ ಎರಡೂ ಸಮ. ಎರಡೂ ಸೇರಿ ನೇರ ಅಂಚು, ಅಂದರೆ ಸರಳಕೋನ. ಹಾಗಿದ್ದ ಮೇಲೆ ಒಂದೊಂದೂ ಅದರ ಅರ್ಧ.

ಎರಡನೆಯದರಲ್ಲಿ ಅ ಮೂಲೆಯನ್ನು ಕೆಳಗೆ ತಂದು ಮ ಚುಕ್ಕಿಯ ಮೇಲೆ ಕೂರಿಸಿ. ಈ ಮಡಿಕೆ ಅಡ್ಡಲಾಗಿ, ಕೆಳಗಿನ ಅಂಚಿಗೆ ಸಮಾಂತರವಾಗಿ ಬೀಳುತ್ತದೆ. ಎಡ ಬಾಹುವನ್ನು ಅದು ಕತ್ತರಿಸಿದ ಜಾಗ ಚ, ಬಲ ಬಾಹುವನ್ನು ಕತ್ತರಿಸಿದ ಜಾಗ ಜ.

ಮೂರನೆಯದರಲ್ಲಿ ಬ ಮೂಲೆಯನ್ನು ಅಂಚಿನ ಗುಂಟ ಸರಿಸಿ ಮ ಮೇಲೆ ತನ್ನಿ. ನಾಲ್ಕನೆಯದರಲ್ಲಿ ಕ ಮೂಲೆಯನ್ನು ಅದೇ ರೀತಿ ಮ ಮೇಲೆ ತನ್ನಿ.

ಈಗ ಕೈಯಲ್ಲಿರುವುದು 7 ಸೆಂ.ಮೀ. ಅಗಲ, 6 ಸೆಂ.ಮೀ. ಎತ್ತರದ ಒಂದು ಆಯತ. ಮೂರು ಬಣ್ಣದ ಮೂಲೆಗಳು ಮ ಬಳಿ ಸೇರಿವೆ. ಎಡದಲ್ಲಿ ಬ, ನಡುವೆ ತಲೆಕೆಳಗಾದ ಅ, ಬಲದಲ್ಲಿ ಕ. ಅವುಗಳ ನಡುವೆ ಸಂದಿಯಿಲ್ಲ, ಒಂದರ ಮೇಲೊಂದು ಹತ್ತಿಲ್ಲ. ಮೂರೂ ಸೇರಿ ನಿಂತಿರುವುದು ಕೆಳಗಿನ ನೇರ ಅಂಚಿನ ಮೇಲೆ.

ಇಷ್ಟಕ್ಕೇ ನಿಲ್ಲಿಸಿದರೆ ಇದೊಂದು ಚಮತ್ಕಾರವಾಗಿ ಉಳಿಯುತ್ತದೆ. ನನ್ನ ಸೋದರ ಸೊಸೆಯೂ ಚಪ್ಪಾಳೆ ತಟ್ಟಿ ಏಳಲಿದ್ದಳು. ಆದರೆ ಕೇಳಬೇಕಾದ ಮಾತು ಇನ್ನೂ ಬಾಕಿಯಿತ್ತು: ಸಂದಿ ಏಕೆ ಬೀಳಲಿಲ್ಲ?

ಸಂದಿ ಬೀಳದಿರಲು ಕಾರಣ

ಹಾಳೆಯನ್ನು ಬಿಚ್ಚಿ ಎಡಭಾಗವನ್ನು ಮಾತ್ರ ನೋಡಿ. ಅ ಮೂಲೆ ಕೆಳಗಿಳಿದು ಮ ಸೇರಿದಾಗ, ಎಡ ಬಾಹುವಿನ ಮೇಲರ್ಧ, ಅಂದರೆ ಚ ದಿಂದ ಅ ವರೆಗಿನ ಅಂಚು, ಚ ದಿಂದ ಮ ವರೆಗಿನ ಗೆರೆಯ ಮೇಲೆ ಬಂದು ಬಿತ್ತು. ಬ ಮೂಲೆ ಸರಿದು ಮ ಸೇರಿದಾಗ ಅದೇ ಬಾಹುವಿನ ಕೆಳಗಿನ ಅರ್ಧ, ಅಂದರೆ ಚ ದಿಂದ ಬ ವರೆಗಿನ ಅಂಚು, ಅದೂ ಚ ದಿಂದ ಮ ವರೆಗಿನ ಗೆರೆಯ ಮೇಲೆಯೇ ಬಂದು ಬಿತ್ತು. ಒಂದೇ ಬಾಹುವಿನ ಎರಡು ತುಂಡು ಎರಡು ಕಡೆಯಿಂದ ಬಂದು ಒಂದೇ ಗೆರೆಯಲ್ಲಿ ಸೇರಿವೆ. ಅ ಬಣ್ಣ ಮುಗಿಯುವ ಗೆರೆ ಯಾವುದೋ ಬ ಬಣ್ಣ ಮುಗಿಯುವ ಗೆರೆಯೂ ಅದೇ. ಹಾಗಿರುವಾಗ ಸಂದಿಗೆ ಜಾಗವೆಲ್ಲಿ? ಬಲಗಡೆಯೂ ಜ ಬಳಿ ಇದೇ ನಡೆಯುತ್ತದೆ.

ಇದು ಹೀಗಾಗಲು ಒಂದು ಷರತ್ತಿದೆ. ಮೂರನೆಯ ಮಡಿಕೆ ಚ ಬಿಂದುವಿನ ಮೂಲಕವೇ ಹಾಯಬೇಕು. ಬ ವನ್ನು ಮ ಮೇಲೆ ತರುವ ಮಡಿಕೆ ಎಂದರೆ ಬ ಮತ್ತು ಮ ಎರಡಕ್ಕೂ ಸಮದೂರದಲ್ಲಿರುವ ಬಿಂದುಗಳ ಗೆರೆ. ಆದ್ದರಿಂದ ಚ ದಿಂದ ಬ ಗೆ ಎಷ್ಟು ದೂರವೋ ಮ ಗೂ ಅಷ್ಟೇ ದೂರವಿರಬೇಕು. ಎರಡನೆಯ ಮಡಿಕೆಯಿಂದಾಗಿ ಚ-ಅ ಮತ್ತು ಚ-ಮ ಸಮ ಎಂಬುದು ಆಗಲೇ ಗೊತ್ತಿದೆ, ಒಂದು ಇನ್ನೊಂದರ ಮೇಲೆ ಮಡಚಿ ಕೂತಿತ್ತು. ಇನ್ನು ಚ-ಅ ಮತ್ತು ಚ-ಬ ಸಮ ಎಂದು ತಿಳಿದರೆ ಕೆಲಸ ಮುಗಿಯಿತು. ಚ ಬಿಂದು ಎಡ ಬಾಹುವಿನ ನಟ್ಟನಡುವೆ ಇದೆಯೇ ಎಂಬುದಷ್ಟೇ ಈಗ ಪ್ರಶ್ನೆ. ನಮ್ಮ ತ್ರಿಭುಜದಲ್ಲಿ ಸ್ಕೇಲು ಇಟ್ಟರೆ ಎರಡೂ ಕಡೆ 6.5 ಸೆಂ.ಮೀ. ಸಿಗುತ್ತದೆ. ಆದರೆ ಎಲ್ಲ ತ್ರಿಭುಜಕ್ಕೂ ಹೀಗೇ ಎನ್ನಲು ಅಳತೆ ಸಾಲದು.

ಎರಡನೆಯ ಮಡಿಕೆ ಲಂಬವನ್ನು ಅರ್ಧಕ್ಕೆ ಕತ್ತರಿಸಿದ ಜಾಗವನ್ನು ನ ಎನ್ನೋಣ. ಚ ದಿಂದ ಕೆಳಗಿನ ಅಂಚಿಗೆ ನೇರವಾಗಿ ಇಳಿದ ಜಾಗ ಟ. ಮೂರನೆಯ ಮಡಿಕೆಯೇ ಈ ಗೆರೆಯಾಗಿ ಕಾಣುತ್ತದೆ, ಆದರೆ ಸದ್ಯಕ್ಕೆ ಅದನ್ನು ಮರೆತು ಹೊಸದಾಗಿ ಇಳಿಸಿದ ಗೆರೆ ಎಂದೇ ಭಾವಿಸಿ. ಈಗ ಚ, ನ, ಮ, ಟ ಸೇರಿ ಒಂದು ಆಯತ. ಆಯತದ ಎದುರು ಬದಿಗಳು ಸಮ. ಹಾಗಾಗಿ ಚ-ಟ ಎತ್ತರ ಮತ್ತು ನ-ಮ ಎತ್ತರ ಒಂದೇ. ನ-ಮ ಎಂಬುದು ಲಂಬದ ಅರ್ಧ, ಅ-ನ ಕೂಡ ಲಂಬದ ಅರ್ಧ. ಆದ್ದರಿಂದ ಅ-ನ ಮತ್ತು ಚ-ಟ ಸಮ, ನಮ್ಮಲ್ಲಿ ಎರಡೂ 6 ಸೆಂ.ಮೀ. ಮೇಲೆ ಅ-ಚ-ನ ಎಂಬ ಪುಟ್ಟ ತ್ರಿಭುಜ, ಕೆಳಗೆ ಚ-ಬ-ಟ ಎಂಬ ಪುಟ್ಟ ತ್ರಿಭುಜ. ಎರಡಕ್ಕೂ ಒಂದೊಂದು ಲಂಬಕೋನವಿದೆ. ಎರಡರ ಎತ್ತರವೂ ಸಮ. ಎಡ ಬಾಹು ಎರಡು ಸಮಾಂತರ ಗೆರೆಗಳನ್ನು ಹಾಯುತ್ತಿರುವುದರಿಂದ ಚ ಬಳಿಯ ಕೋನ ಮತ್ತು ಬ ಬಳಿಯ ಕೋನ ಅನುರೂಪ ಕೋನಗಳು, ಅವೂ ಸಮ. ಎರಡು ಕೋನ ಮತ್ತು ಒಂದು ಬಾಹು ಹೊಂದಿದ ಮೇಲೆ ಎರಡೂ ತ್ರಿಭುಜ ಸರ್ವಸಮ. ಹಾಗಾಗಿ ಅ-ಚ ಮತ್ತು ಚ-ಬ ಸಮ.

ಈ ಮಾತಿನಲ್ಲಿ 13, 14, 15 ಎಲ್ಲೂ ಬೇಕಾಗಲಿಲ್ಲ. ಬೇಕಾದದ್ದು ಲಂಬ, ಸಮಾಂತರ ಗೆರೆ, ಆಯತ ಮಾತ್ರ. ಎಲ್ಲ ತ್ರಿಭುಜಕ್ಕೂ ಹೊಂದುವ ಕಾರಣ ಎಂದರೆ ಇದು. ಅಣ್ಣನ ಮಗಳ ಪ್ರಶ್ನೆಗೆ ಉತ್ತರವೂ ಇಲ್ಲೇ ಇತ್ತು. ಪುಸ್ತಕ ಸರಿ, 178 ಬಂದದ್ದು ಕೋನಮಾಪಕದ ಮಿತಿ.

ಗ್ರೀಕರು ಇದನ್ನು ಮಡಿಸದೆ ಗೆರೆ ಎಳೆದೇ ತೋರಿಸಿದರು. ಅ ಮೂಲೆಯ ಮೂಲಕ ಕೆಳಗಿನ ಬಾಹುವಿಗೆ ಒಂದು ಸಮಾಂತರ ಗೆರೆ ಎಳೆದರೆ, ಬ ಕೋನ ಮತ್ತು ಕ ಕೋನ ಪರ್ಯಾಯ ಕೋನಗಳಾಗಿ ಅ ಕೋನದ ಎರಡು ಮಗ್ಗುಲಿಗೆ ಬಂದು ಕೂರುತ್ತವೆ. ಈ ದಾರಿ ಪೈಥಾಗೊರಸನ ಶಿಷ್ಯ ಪರಂಪರೆಯದೆಂದು ಪ್ರೋಕ್ಲಸ್ ಬರೆದಿದ್ದಾನೆ. ಯೂಕ್ಲಿಡ್ ತನ್ನ ಮೊದಲ ಪುಸ್ತಕದ 32ನೆಯ ಪ್ರಮೇಯದಲ್ಲಿ ಕೆಳಗಿನ ಬಾಹುವನ್ನು ಮುಂದಕ್ಕೆ ಚಾಚಿ ಇದೇ ಮಾತನ್ನು ಸಾಧಿಸುತ್ತಾನೆ. ಸಮಾಂತರ ಗೆರೆಯ ಸಹಾಯವನ್ನು ಯಾರೂ ಬಿಟ್ಟಿಲ್ಲ ಎಂಬುದನ್ನು ಗಮನಿಸಿ. ಕೊನೆಯಲ್ಲಿ ಅದಕ್ಕೆ ಮರಳಿ ಬರುತ್ತೇನೆ.

ಮಡಿಕೆ ತಪ್ಪಿದರೆ

ಮಕ್ಕಳು ಸಾಮಾನ್ಯವಾಗಿ ಮಾಡುವ ತಪ್ಪು ಒಂದೇ. ಮೊದಲನೆಯ ಮಡಿಕೆಯನ್ನು ಬಿಟ್ಟು, ಅ ಮೂಲೆಯನ್ನು ಕೆಳಗಿನ ಅಂಚಿನ ನಟ್ಟನಡುವಿಗೆ ತರುತ್ತಾರೆ. ಸಮದ್ವಿಬಾಹು ತ್ರಿಭುಜದಲ್ಲಿ ಲಂಬವೂ ನಡುವೆಯೇ ಬೀಳುವುದರಿಂದ ಇದು ನಡೆದುಹೋಗುತ್ತದೆ, ತಪ್ಪೆಂದು ಗೊತ್ತೇ ಆಗುವುದಿಲ್ಲ. ಎರಡು ಬಾಹು ಸಮವಿರುವ ತ್ರಿಭುಜವನ್ನು ಮೊದಲ ಸಲಕ್ಕೆ ಕೊಡಬಾರದೆನ್ನುವುದು ಇದಕ್ಕೇ.

ನಮ್ಮ ತ್ರಿಭುಜದಲ್ಲಿ ನಡುಬಿಂದು 7 ಸೆಂ.ಮೀ. ಬಳಿ, ಲಂಬ ಬೀಳುವುದು 5ರ ಬಳಿ. ಎರಡು ಸೆಂಟಿಮೀಟರ್ ವ್ಯತ್ಯಾಸ. ಬೇಕೆಂದೇ ತಪ್ಪು ಮಾಡಿ ನೋಡಿ. ಅ ಮೂಲೆಯನ್ನು 7ರ ಬಳಿ ಕೂರಿಸಿದೊಡನೆ ಮಡಿಕೆ ಓರೆಯಾಗಿ, ಬಲಕ್ಕೆ ಏರಿಕೊಂಡು ಬೀಳುತ್ತದೆ. ಆಮೇಲೆ ಬ ಮತ್ತು ಕ ಮೂಲೆಗಳನ್ನು ಅಲ್ಲಿಗೇ ತನ್ನಿ. ಎಡಗಡೆ ಬ ಮೂಲೆ ಅ ಮೂಲೆಯ ಮೇಲೆ ಹತ್ತಿ ಕೂರುತ್ತದೆ, ಬಲಗಡೆ ಕ ಮತ್ತು ಅ ನಡುವೆ ಬಿರುಕು ಬಿಡುತ್ತದೆ.

ಇಲ್ಲಿ ಡಿಗ್ರಿ ಲೆಕ್ಕ ಹಾಕುವುದು ಚೆನ್ನ. ಈ ತ್ರಿಭುಜದ ಬ ಕೋನ ಸುಮಾರು 67.4, ಕ ಕೋನ 53.1, ಅ ಕೋನ 59.5 ಡಿಗ್ರಿ. ತಪ್ಪು ಮಡಿಕೆಯಲ್ಲಿ ಅ ಮೂಲೆಯ ಎಡಕ್ಕೆ ಉಳಿಯುವ ಜಾಗ ಸುಮಾರು 48.5 ಡಿಗ್ರಿ, ಅಲ್ಲಿ 67.4ರ ಬ ಮೂಲೆ ಹಿಡಿಸದೆ 19 ಡಿಗ್ರಿಯಷ್ಟು ಮೇಲೆ ಹತ್ತುತ್ತದೆ. ಬಲಕ್ಕೆ ಉಳಿಯುವುದು 72 ಡಿಗ್ರಿ, ಅಲ್ಲಿ 53.1ರ ಕ ಮೂಲೆ ಕೂತು 19 ಡಿಗ್ರಿ ಖಾಲಿ ಬಿಡುತ್ತದೆ. ಹತ್ತಿದ್ದು ಎಷ್ಟೋ ಬಿರುಕು ಅಷ್ಟೇ. ಬೇರೆ ಹೇಗೂ ಆಗದು. ಮೂರು ಕೋನಗಳ ಮೊತ್ತ ಮಡಿಕೆ ತಪ್ಪಿದ್ದರಿಂದ ಬದಲಾಗಿಲ್ಲವಲ್ಲ, ಒಂದು ಕಡೆ ಇಕ್ಕಟ್ಟಾದದ್ದು ಇನ್ನೊಂದು ಕಡೆ ಸಡಿಲವಾಗಿ ಕಾಣಲೇಬೇಕು. ಈ ತಪ್ಪು ಮಡಿಕೆ ನನಗೆ ಸರಿ ಮಡಿಕೆಗಿಂತಲೂ ಹೆಚ್ಚು ಇಷ್ಟ. ಒಂದು ಕಡೆ ಮಾತ್ರ ಬಿರುಕು ಬಿಟ್ಟು ಇನ್ನೊಂದು ಕಡೆ ಸರಿಯಾಗಿದ್ದರೆ ಅದು ಮಡಿಸಿದ್ದರ ತಪ್ಪಲ್ಲ, ಬಾಹುವನ್ನು ಸೊಟ್ಟಗೆ ಕತ್ತರಿಸಿರುತ್ತೀರಿ.

ವಿಶಾಲಕೋನ ತ್ರಿಭುಜದಲ್ಲಿ ಇನ್ನೊಂದು ತೊಡಕು. ಲಂಬಕೋನಕ್ಕಿಂತ ದೊಡ್ಡ ಮೂಲೆ ಕೆಳಗಿದ್ದರೆ ಮೇಲಿನಿಂದ ಇಳಿದ ಲಂಬ ತ್ರಿಭುಜದ ಹೊರಗೆ ಬೀಳುತ್ತದೆ. ಮಡಿಸಲು ಅಲ್ಲಿ ಕಾಗದವೇ ಇಲ್ಲ. ಹಾಳೆಯನ್ನು ತಿರುಗಿಸಿ ಅತಿ ಉದ್ದದ ಬಾಹುವನ್ನು ಕೆಳಗಿಟ್ಟುಕೊಂಡರೆ ಸಾಕು. ದೊಡ್ಡ ಕೋನ ಯಾವಾಗಲೂ ಉದ್ದದ ಬಾಹುವಿನ ಎದುರಿಗಿರುವುದರಿಂದ ಆಗ ಅದು ಮೇಲೆ ಹೋಗುತ್ತದೆ, ಲಂಬ ಒಳಗೇ ಬೀಳುತ್ತದೆ. ಲಂಬಕೋನ ತ್ರಿಭುಜಕ್ಕೆ ಎರಡೇ ಮಡಿಕೆ ಸಾಕು: ಉಳಿದೆರಡು ಮೂಲೆಗಳನ್ನು ಲಂಬಕೋನದ ಮೂಲೆಗೆ ತನ್ನಿ, ಅವೆರಡೂ ಸೇರಿ ಆ ಮೂಲೆಯನ್ನು ಪೂರ್ತಿ ಮುಚ್ಚುತ್ತವೆ.

ಮಡಿಸುವುದನ್ನೇ ರೇಖಾಗಣಿತ ಮಾಡಿದವರು

ಟಿ. ಸುಂದರರಾವ್ ಎಂಬವರು 1893ರಲ್ಲಿ ಮದ್ರಾಸಿನಲ್ಲಿ ಕಾಗದ ಮಡಿಸಿ ರೇಖಾಗಣಿತ ಕಲಿಯುವ ಒಂದು ಇಂಗ್ಲಿಷ್ ಪುಸ್ತಕ ಪ್ರಕಟಿಸಿದರು. ಸಣ್ಣ ಮಕ್ಕಳ ಕಿಂಡರ್‌ಗಾರ್ಟನ್ ಆಟಿಕೆಗಳಲ್ಲಿದ್ದ ಬಣ್ಣದ ಕಾಗದ ಮಡಿಸುವ ಪೆಟ್ಟಿಗೆಯಿಂದ ತಮಗೆ ಈ ಯೋಚನೆ ಬಂತೆಂದು ಅವರೇ ಹೇಳಿಕೊಂಡಿದ್ದಾರೆ. ಸಲಕರಣೆ ಎಂದರೆ ಒಂದು ಪುಟ್ಟ ಚಾಕು, ಕಾಗದದ ಚೂರುಗಳು, ಅಷ್ಟೇ. ಜರ್ಮನಿಯ ಗಣಿತಜ್ಞ ಫೆಲಿಕ್ಸ್ ಕ್ಲೈನ್ ಆ ಪುಸ್ತಕವನ್ನು ತಮ್ಮ ಬರಹದಲ್ಲಿ ಉಲ್ಲೇಖಿಸಿದರು. 1901ರಲ್ಲಿ ಅದು ಶಿಕಾಗೊದಲ್ಲಿ ಮತ್ತೆ ಅಚ್ಚಾಯಿತು. ಮಡಿಕೆಯ ಗೆರೆ ಸ್ಕೇಲಿನ ಗೆರೆಗೆ ಕಡಿಮೆಯಲ್ಲ ಎಂಬುದು ಸುಂದರರಾವ್ ಅವರ ನಿಲುವು. ಕಾಗದವನ್ನು ಎಲ್ಲಿ ಮಡಿಸಿದರೂ ಮಡಿಕೆ ತಾನಾಗಿ ನೇರವಾಗುತ್ತದೆ.

ಕಾಗದ ಬಿಟ್ಟು ನೆಲಕ್ಕೆ ಬಂದರೆ

ನಮ್ಮ ಕಾರಣದಲ್ಲಿ ಒಂದು ಆಯತ ಬಂದಿತ್ತು, ಸಮಾಂತರ ಗೆರೆ ಬಂದಿತ್ತು. ಕಾಗದ ಚಪ್ಪಟೆ ಇರುವುದರಿಂದಲೇ ಅವೆರಡೂ ಅಲ್ಲಿ ಸಿಕ್ಕವು. ಚೆಂಡಿನ ಮೇಲೆ ನಾಲ್ಕೂ ಮೂಲೆ ಲಂಬವಾಗಿರುವ ಆಯತ ಬರೆಯಲು ಬರುವುದಿಲ್ಲ. ಒಂದು ಚೆಂಡಿನ ಮೇಲೆ ಹಗ್ಗವನ್ನು ಬಿಗಿಯಾಗಿ ಎಳೆದು ನೋಡಿ: ತುದಿಯಿಂದ ನಡುಪಟ್ಟಿಗೆ ಇಳಿದು, ನಡುಪಟ್ಟಿಯ ಮೇಲೆ ಸುತ್ತಿನ ಕಾಲು ಭಾಗ ಹೋಗಿ, ಮತ್ತೆ ತುದಿಗೆ ಏರಿದರೆ ಮೂರೂ ಕೋನ ಲಂಬವಾಗಿರುವ ತ್ರಿಭುಜ ಸಿಗುತ್ತದೆ. ಮೊತ್ತ 270 ಡಿಗ್ರಿ.

ನಾವು ನಿಂತಿರುವ ನೆಲವೂ ಒಂದು ದೊಡ್ಡ ಚೆಂಡು. ಹಾಗಾದರೆ ರಾಜಾಜಿನಗರ, ಬಸವೇಶ್ವರನಗರ, ಕೆಂಗೇರಿ ಈ ಮೂರನ್ನು ಸೇರಿಸಿ ಎಳೆದ ತ್ರಿಭುಜದ ಮೊತ್ತ ಎಷ್ಟು? ಭೂಮಿಯ ಮೇಲೆ ಹೆಚ್ಚುವರಿ ಕೋನ ತ್ರಿಭುಜದ ವಿಸ್ತೀರ್ಣಕ್ಕೆ ತಕ್ಕಂತೆ ಬೆಳೆಯುತ್ತದೆ. ಸುಮಾರು 197 ಚದರ ಕಿಲೋಮೀಟರಿಗೆ ಒಂದು ಸೆಕೆಂಡು. ಡಿಗ್ರಿಯನ್ನು 3600 ಭಾಗ ಮಾಡಿದರೆ ಒಂದು ಭಾಗ ಒಂದು ಸೆಕೆಂಡು. ನಮ್ಮ ಈ ಪಡುವಣ ಬೆಂಗಳೂರಿನ ತ್ರಿಭುಜ 20 ಚದರ ಕಿಲೋಮೀಟರ್ ದಾಟುವುದಿಲ್ಲ. ಹೆಚ್ಚುವರಿ ಒಂದು ಸೆಕೆಂಡಿನ ಹತ್ತನೆಯ ಒಂದು ಭಾಗವೂ ಇಲ್ಲ. ಸೈಟು ಅಳೆಯುವವರು, ಮೆಟ್ರೊ ಹಾದಿಗೆ ಗುರುತು ಹಾಕುವವರು ನೆಲವನ್ನು ಕಾಗದವೆಂದೇ ಎಣಿಸಿದರೂ ತೊಂದರೆಯಿಲ್ಲದ್ದು ಇದಕ್ಕೇ.

ವಿಲಿಯಂ ಲ್ಯಾಂಬ್ಟನ್ 1800ರ ಕೊನೆಯಲ್ಲಿ ಬೆಂಗಳೂರಿನ ಬಳಿ ಆಧಾರರೇಖೆಯೊಂದನ್ನು ಸರಪಳಿಯಿಂದ ಅಳೆದ. ಮುಂದೆ 1802ರಲ್ಲಿ ಮದ್ರಾಸಿನಿಂದ ಶುರುವಾದ ಮಹಾ ತ್ರಿಕೋನಮಿತಿ ಸರ್ವೆಗೆ ಇದು ಮುನ್ನುಡಿಯಾಯಿತು. ಬೆಟ್ಟದಿಂದ ಬೆಟ್ಟಕ್ಕೆ ಹತ್ತಾರು ಮೈಲಿಯ ತ್ರಿಭುಜ ಕಟ್ಟುತ್ತ ಹೋದ ಆ ಕೆಲಸದಲ್ಲಿ ಈ ಹೆಚ್ಚುವರಿಯನ್ನು ಲೆಕ್ಕಕ್ಕೆ ಹಿಡಿಯಲೇಬೇಕಿತ್ತು. ಅಳೆದ ಮೂರು ಕೋನಗಳ ಮೊತ್ತದಿಂದ ಅದನ್ನು ಕಳೆದ ಮೇಲೂ 180ಕ್ಕೆ ಹೊಂದದೆ ಉಳಿದದ್ದೇ ಅಳತೆಯ ನಿಜವಾದ ತಪ್ಪು.

ಅಣ್ಣನ ಮಗಳಿಗೆ ಇದನ್ನು ಹೇಳಿದಾಗ ಅವಳು ಕೇಳಿದ್ದು, ಕೋನಮಾಪಕದಲ್ಲೇ ಕಾಣುವಷ್ಟು ಹೆಚ್ಚಾಗಲು ತ್ರಿಭುಜ ಎಷ್ಟು ದೊಡ್ಡದಿರಬೇಕು ಎಂದು. ಇಬ್ಬರೂ ಕೂತು ಲೆಕ್ಕ ಹಾಕಿದೆವು. ಬೆಂಗಳೂರು, ಮಂಗಳೂರು, ಕಲಬುರಗಿ ಸೇರಿಸಿದರೆ ಸುಮಾರು 72,000 ಚದರ ಕಿಲೋಮೀಟರ್. ಅದನ್ನು 197ರಿಂದ ಭಾಗಿಸಿದರೆ ಸುಮಾರು 365 ಸೆಕೆಂಡು, ಅಂದರೆ ಡಿಗ್ರಿಯ ಹತ್ತನೆಯ ಒಂದು ಭಾಗ. ಕರ್ನಾಟಕದ ಮೂರು ಮೂಲೆ ಹಿಡಿದು ಎಳೆದ ತ್ರಿಭುಜದ ಮೊತ್ತ 180.1 ಡಿಗ್ರಿ. ಅವಳ ಕೋನಮಾಪಕಕ್ಕೆ ಅದೂ ಕಾಣುವುದಿಲ್ಲ.